ನಾಲ್ಕೇ ಜನ, ವಾದ್ಯ ಒಂದೂ ಇಲ್ಲ: ಬೇಸ್, ಕಾರ್ಡ್, ಬಾಯಿತಾಳ ಸೇರಿಸಿ ಅಕಾಪೆಲ್ಲಾ ಕಟ್ಟುವುದು ಹೇಗೆ

ನಾಲ್ಕು ಜನ ಗೆಳೆಯರು ಸೇರಿ ವಾದ್ಯ ಇಲ್ಲದೆ ಹಾಡೋಣ ಅಂತ ಹೊರಟರೆ ಮೊದಲು ಸಿಗುವ ತೊಡಕು ಲೆಕ್ಕದ್ದು. ಒಬ್ಬರು ಹಾಡು ಹೇಳುತ್ತಾರೆ. ಒಬ್ಬರು ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರ. ಒಬ್ಬರು ಬಾಯಲ್ಲಿ ತಾಳ. ಉಳಿದದ್ದು ಒಬ್ಬರೇ. ಕಾರ್ಡ್ ಅಂದರೆ ಕನಿಷ್ಠ ಮೂರು ಸ್ವರ ಒಟ್ಟಿಗೆ ಕೇಳಬೇಕು, ಅದನ್ನು ಒಬ್ಬರ ಗಂಟಲಲ್ಲಿ ಹೇಗೆ ತರುವುದು?

ಪೆಂಟಟೋನಿಕ್ಸ್ ತಂಡದ ವಿಡಿಯೋ ನೋಡಿ ಅದನ್ನೇ ನಕಲು ಮಾಡಲು ಹೋದರೆ ಇಲ್ಲೇ ಎಡವುವುದು. ಅವರು ಐದು ಜನ. ಬೇಸ್, ಬೀಟ್‌ಬಾಕ್ಸ್ ಬಿಟ್ಟರೂ ಹಾಡಲು ಮೂವರು ಉಳಿಯುತ್ತಾರೆ. ಬಾರ್ಬರ್‌ಶಾಪ್ ಕ್ವಾರ್ಟೆಟ್‌ನಲ್ಲಿ ನಾಲ್ಕೇ ಜನ ನಿಜ, ಆದರೆ ಅಲ್ಲಿ ಬಾಯಿತಾಳ ಇಲ್ಲ, ನಾಲ್ವರೂ ಸ್ವರ ಹಿಡಿಯುತ್ತಾರೆ. ನಮ್ಮ ಹತ್ತಿರ ಇರುವುದು ಮೂರೇ ಸ್ವರ. ಹಾಗಾಗಿ ಹಾಡು ಹೇಳುವವರೂ ಕಾರ್ಡಿನ ಒಂದು ಭಾಗ ಅಂತ ಲೆಕ್ಕ ಹಿಡಿದೇ ಎಲ್ಲವನ್ನೂ ಹೆಣೆಯಬೇಕು. ನಾಲ್ಕನೆಯವರ ಕೆಲಸ ಇಷ್ಟೇ: ಹಾಡಿನಲ್ಲೂ ಬೇಸ್‌ನಲ್ಲೂ ಇಲ್ಲದ ಸ್ವರ ಯಾವುದೋ ಅದನ್ನು ಹಾಡುವುದು. ಅವರನ್ನು ನಾವು ನಡುದನಿ ಅಂತ ಕರೆಯುತ್ತೇವೆ, ಇಲ್ಲೂ ಹಾಗೇ ಕರೆಯುತ್ತೇನೆ.

ನಮ್ಮ ಗುಂಪಿನಲ್ಲಿ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಹಾಡು ಮತ್ತು ನಡುದನಿ ಹುಡುಗಿಯರದ್ದು, ಬೇಸ್ ಗೆಳೆಯನದ್ದು, ಬಾಯಿತಾಳ ನನ್ನದು. ಇಲ್ಲಿ ಉದಾಹರಣೆಗೆ ನಾವೇ ಕಟ್ಟಿಕೊಂಡ ಎರಡು ಸಾಲಿನ ಪುಟ್ಟ ಪಲ್ಲವಿ ತೆಗೆದುಕೊಳ್ಳುತ್ತೇನೆ. "ಸಂಜೆ ಮಳೆ ನಿಂತಿತಲ್ಲೋ, ಕಾಫಿ ಇಟ್ಟೆ ಕೂರು ಬಾರೋ." ಒಂದಕ್ಷರಕ್ಕೆ ಒಂದು ಎಣಿಕೆ, ನಾಲ್ಕು ಎಣಿಕೆಗೆ ಒಂದು ಸುತ್ತು, ಒಟ್ಟು ನಾಲ್ಕು ಸುತ್ತು. ಮೆಟ್ರೊನೋಮ್‌ನಲ್ಲಿ ವೇಗ 92.

ಮೊದಲು ಶ್ರುತಿ, ಅದೂ ಬೇಸ್‌ನವನನ್ನು ಕೇಳಿ

ಎಲ್ಲರೂ ಹಾಡು ಹೇಳುವವರ ಅನುಕೂಲಕ್ಕೆ ಶ್ರುತಿ ಇಡುತ್ತಾರೆ. ನಾವೂ ಹಾಗೇ ಮಾಡಿದೆವು. ನಮ್ಮ ಹಾಡುಗಾರ್ತಿ ಬಿ ಶ್ರುತಿ ಆರಾಮ ಅಂದಳು, ಹೂಂ ಅಂದೆವು. ಮೂರನೇ ಸುತ್ತಿಗೆ ಬಂದಾಗ ಬೇಸ್ ಗೆಳೆಯನ ಬಾಯಿಂದ ಬರೀ ಗಾಳಿ ಬಂತು. ಮುಖ ಮಾತ್ರ ತುಂಬ ಗಂಭೀರವಾಗಿತ್ತು.

ಮೇಲಿನ ಸ್ವರ ಸ್ವಲ್ಪ ಒದ್ದಾಡಿಯಾದರೂ ಮುಟ್ಟಬಹುದು, ಕೆಳಗಿನದು ಹಾಗಲ್ಲ. ಗಂಟಲಲ್ಲಿ ಇಲ್ಲ ಅಂದರೆ ಇಲ್ಲ. ಅದಕ್ಕೇ ಬೇಸ್‌ನವನನ್ನು ಕೂರಿಸಿ, ಫೋನಿನಲ್ಲಿ ಒಂದು ಟ್ಯೂನರ್ ಆ್ಯಪ್ ತೆರೆದು, ಆರಾಮದ ಸ್ವರದಿಂದ ಒಂದೊಂದೇ ಮೆಟ್ಟಿಲು ಇಳಿಸಿ. ದನಿ ಹೋಗಿ ಗಾಳಿಯಷ್ಟೇ ಉಳಿಯುವ ಜಾಗ ಸಿಗುತ್ತದೆ. ಅಲ್ಲಿಂದ ಹಾರ್ಮೋನಿಯಂನ ಎರಡು ಮನೆ ಮೇಲೆ ಬನ್ನಿ, ಕಪ್ಪು ಮನೆಯನ್ನೂ ಸೇರಿಸಿ ಎಣಿಸಿ. ಅದೇ ಅವನ ನಿಜವಾದ ತಳ. ಇದನ್ನು ಬೆಳಗ್ಗೆ ಎದ್ದ ಕೂಡಲೇ ಮಾಡಬೇಡಿ, ಆ ಹೊತ್ತಿಗೆ ಎಲ್ಲರ ದನಿಯೂ ಕೆಳಗಿರುತ್ತದೆ, ಸಂಜೆಗೆ ಮೋಸ ಹೋಗುತ್ತೀರಿ. ಕಾರ್ಯಕ್ರಮ ಎಷ್ಟು ಹೊತ್ತಿಗೋ ಅದೇ ಹೊತ್ತಿನಲ್ಲಿ ನೋಡಿ.

ನಮ್ಮವನ ತಳ ಟ್ಯೂನರ್‌ನಲ್ಲಿ G2 ಬಂತು, ಅಕ್ಷರ ಸ್ವರದ್ದು, ಅಂಕಿ ಸ್ಥಾಯಿಯದ್ದು. ನಮ್ಮ ಹಾಡಿನಲ್ಲಿ ಬೇಸ್ ಇಳಿಯಬೇಕಾದ ಅತಿ ಕೆಳಗಿನ ಸ್ವರ ಮ. ಮ ಆ ಜಾಗದಲ್ಲಿ ಕೂತರೆ ಅವನ ಸ ಅಲ್ಲಿಂದ ಏಳು ಮನೆ ಮೇಲೆ, ಅಂದರೆ D3. ಹೀಗೆ ಶ್ರುತಿ ಡಿ ಆಯಿತು, ಹಾರ್ಮೋನಿಯಂನಲ್ಲಿ ಬಿಳಿ ಎರಡು. ಹುಡುಗಿಯರ ಸ ಅದರ ಒಂದು ಸ್ಥಾಯಿ ಮೇಲೆ. ಹಾಡಿನ ತುದಿ ತಾರಸ್ಥಾಯಿಯ ಸ, D5. ಹಾಡುಗಾರ್ತಿ ಒಂದು ಸಲ ಗೊಣಗಿದಳು, ಆಮೇಲೆ ಆರಾಮವಾಗಿ ಹಾಡಿದಳು.

ಹಾಡಿನ ಕೆಳಗೆ ಬೇಸ್, ಆಮೇಲೆ ಉಳಿದ ಸ್ವರ

ಈಗ ಕಾಗದ ತೆಗೆದುಕೊಂಡು ಹಾಡಿನ ಸ್ವರಗಳನ್ನು ಬರೆಯಿರಿ. ಪ್ರತಿ ಸುತ್ತಿಗೆ ಒಂದೇ ಕಾರ್ಡ್ ಸಾಕು, ಮೊದಲ ಸಲಕ್ಕೆ ಜಾಸ್ತಿ ಆಸೆ ಬೇಡ. ಹಾಡು ಸುತ್ತಿನಲ್ಲಿ ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ ನೋಡಿ, ಆ ಸ್ವರ ಇರುವ ಕಾರ್ಡ್ ಆರಿಸಿ. ನಮಗೆ ಬೇಕಾದದ್ದು ನಾಲ್ಕೇ: ಸ-ಗ-ಪ, ದ-ಸ-ಗ, ಮ-ದ-ಸ, ಪ-ನಿ-ರಿ. ಗಿಟಾರ್ ಹಿಡಿದವರಿಗೆ ಇವು ಗೊತ್ತಿರುತ್ತವೆ, ಡಿ ಶ್ರುತಿಯಲ್ಲಿ ಡಿ, ಬಿ ಮೈನರ್, ಜಿ, ಎ. ಕಾರ್ಡಿನ ಮೊದಲ ಸ್ವರವನ್ನು ಬೇಸ್‌ಗೆ ಕೊಡಿ. ಆಮೇಲೆ ಹಾಡು ಯಾವ ಸ್ವರ ಹಿಡಿದಿದೆ ನೋಡಿ, ಮಿಕ್ಕಿದ್ದನ್ನು ನಡುದನಿಗೆ ಕೊಡಿ.

ಕಾಗದದಲ್ಲಿ ಇಷ್ಟೇ ಇತ್ತು. ತಲೆಯ ಪಕ್ಕದಲ್ಲಿ ಪುಟ್ಟ ಗೆರೆ ಇದ್ದರೆ ಮೇಲಿನ ಸ್ಥಾಯಿ, ಪಕ್ಕದಲ್ಲಿ ಅಲ್ಪವಿರಾಮ ಇದ್ದರೆ ಅವರವರ ಸ-ಗಿಂತ ಕೆಳಗೆ.

```
ಸುತ್ತು 1:  ಸಂ ಜೆ ಮ ಳೆ
  ಹಾಡು  ಪ ಪ ದ ಪ     | ನಡು ಗ   | ಬೇಸ್ ಸ
ಸುತ್ತು 2:  ನಿಂ ತಿ ತ ಲ್ಲೋ
  ಹಾಡು  ಸ' ಸ' ದ ಸ'  | ನಡು ಗ   | ಬೇಸ್ ದ,
ಸುತ್ತು 3:  ಕಾ ಫಿ ಇ ಟ್ಟೆ
  ಹಾಡು  ದ ದ ಸ' ದ    | ನಡು ಸ   | ಬೇಸ್ ಮ,
ಸುತ್ತು 4:  ಕೂ ರು ಬಾ ರೋ
  ಹಾಡು  ಪ ಗ ರಿ ರಿ    | ನಡು ನಿ,  | ಬೇಸ್ ಪ,
```

ಮೊದಲ ಸುತ್ತು ನೋಡಿ. ಹಾಡು ಪ ಮೇಲೆ ನಿಂತಿದೆ, ಬೇಸ್ ಸ ಹಿಡಿದಿದೆ, ಉಳಿದದ್ದು ಗ. ಈ ಗ ಇಲ್ಲದಿದ್ದರೆ ಸ-ಪ ಮಾತ್ರ ಕೇಳುತ್ತದೆ, ತಂಬೂರಿ ಮೀಟಿದ ಹಾಗೆ. ಚೆನ್ನಾಗೇ ಇರುತ್ತದೆ, ಆದರೆ ಕಾರ್ಡ್ ಅನಿಸುವುದಿಲ್ಲ. ಕಾರ್ಡ್ ನಗುತ್ತಿದೆಯೋ ಮುಖ ಸಪ್ಪೆ ಮಾಡಿದೆಯೋ ಅಂತ ಹೇಳುವುದು ಯಾವಾಗಲೂ ಅದರ ನಡುವಿನ ಸ್ವರ. ಅದನ್ನು ಮಾತ್ರ ಯಾರ ಬಾಯಿಂದಲಾದರೂ ಸರಿ, ಸುತ್ತಿನ ಹೆಚ್ಚಿನ ಹೊತ್ತು ಕೇಳಿಸಲೇಬೇಕು. ಮೂರನೇ ಸುತ್ತಿನಲ್ಲಿ ಆ ಸ್ವರ ದ. ಹಾಡೇ ಅದನ್ನು ಹಿಡಿದಿರುವುದರಿಂದ ನಡುದನಿಗೆ ಸ ಸಾಕು. ಅಲ್ಲಿ ಮೂರನೇ ಎಣಿಕೆಯಲ್ಲಿ ಹಾಡು ಮೇಲಿನ ಸ ಮುಟ್ಟಿದಾಗ ಕಾರ್ಡ್ ಒಂದು ಗಳಿಗೆ ಬೋಳಾಗುತ್ತದೆ. ಒಂದೇ ಎಣಿಕೆ, ಕಿವಿ ಹಿಂದಿನದನ್ನು ನೆನಪಿಟ್ಟುಕೊಂಡಿರುತ್ತದೆ, ಬಿಡಿ. ಎರಡು ಎಣಿಕೆಗಿಂತ ಜಾಸ್ತಿ ಬೋಳಾದರೆ ಮಾತ್ರ ನಡುದನಿಯನ್ನು ಕದಲಿಸಿ.

ನಡುದನಿಯ ಸಾಲನ್ನು ಒಮ್ಮೆ ಒಂಟಿಯಾಗಿ ಹಾಡಿ ನೋಡಿ: ಗ, ಗ, ಸ, ನಿ. ಹತ್ತಿರ ಹತ್ತಿರ ಇಳಿಯುವ ಸಾಲು, ಅಲ್ವಾ? ಇದು ಅದೃಷ್ಟದಿಂದ ಬಂದದ್ದಲ್ಲ. ನನ್ನ ಮೊದಲ ಪ್ರತಿಯಲ್ಲಿ ಮೂರನೇ ಸುತ್ತಿಗೆ ದ ಕೊಟ್ಟಿದ್ದೆ, ಗ-ದಿಂದ ದ-ಗೆ ಹಾರಿ ಅಲ್ಲಿಂದ ನಿ-ಗೆ ಧುಮುಕಬೇಕಿತ್ತು, ಅವಳು ಪ್ರತಿ ಸಲ ತಪ್ಪುತ್ತಿದ್ದಳು, ನಾನು ಅವಳನ್ನೇ ಬೈಯುತ್ತಿದ್ದೆ. ತಪ್ಪು ನನ್ನ ಕಾಗದದ್ದು. ನಡುದನಿ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಇದ್ದಲ್ಲೇ ಇರಬೇಕು, ಇಲ್ಲವೇ ಹತ್ತಿರದ ಸ್ವರಕ್ಕೆ ಹೋಗಬೇಕು. ಎರಡು ಸ್ವರದ ಅಂತರ ದಾಟಿದರೆ ಕಾಗದವನ್ನೇ ಇನ್ನೊಮ್ಮೆ ನೋಡಿ.

ಒಂದು ಕಷ್ಟದ ಜಾಗ ಮಾತ್ರ ಉಳಿಯುತ್ತದೆ. ನಾಲ್ಕನೇ ಸುತ್ತಿನ ನಿ-ಯಿಂದ ಮತ್ತೆ ಮೊದಲ ಸುತ್ತಿನ ಗ-ಗೆ ಹತ್ತಬೇಕು. ಅಲ್ಲಿ ಅವಳು ತನ್ನ ಸ್ವರದಿಂದ ಅಳತೆ ಹಾಕಬಾರದು. ಹಾಡು ರಿ ಮೇಲೆ ಮುಗಿದಿರುತ್ತದೆ, ಅದನ್ನು ಕೇಳಿ ಅದರ ಮೇಲಿನ ಮೆಟ್ಟಿಲು ಹಿಡಿದರೆ ಗ ಕೈಗೆ ಸಿಗುತ್ತದೆ. ಪಕ್ಕದವರ ಸ್ವರದಿಂದ ತನ್ನ ಸ್ವರ ಹಿಡಿಯುವ ಈ ಜಾಗಗಳನ್ನು ಕಾಗದದಲ್ಲಿ ಬಾಣದ ಗುರುತು ಹಾಕಿ ತೋರಿಸಿ, ತುಂಬ ಗಲಾಟೆ ತಪ್ಪುತ್ತದೆ.

ಇದೇ ಸಾಲನ್ನು ಗಂಡು ದನಿಯಲ್ಲಿ ಒಂದು ಸ್ಥಾಯಿ ಕೆಳಗೆ ಹಾಡಿಸಿದರೆ ಏನಾಗುತ್ತದೆ ಅಂತ ನೋಡಿದೆವು. ಗ ಬಂದು ಬೇಸ್‌ನ ಸ ಪಕ್ಕದಲ್ಲೇ ಕೂತಿತು, ಎರಡೂ ಸೇರಿ ಗೊಜ್ಜಾಯಿತು. ಅಷ್ಟು ಕೆಳಗೆ ಎರಡು ಸ್ವರ ಹತ್ತಿರ ಬಂದರೆ ಕಿವಿಗೆ ಬಿಡಿಬಿಡಿಯಾಗಿ ಕೇಳುವುದಿಲ್ಲ. ಬೇಸ್‌ಗೂ ನಡುದನಿಗೂ ಮಧ್ಯೆ ಒಂದು ಸ್ಥಾಯಿಯಷ್ಟು ಖಾಲಿ ಜಾಗ ಬಿಟ್ಟರೆ ಒಳ್ಳೆಯದು. ನಡುದನಿಗೂ ಹಾಡಿಗೂ ಮಧ್ಯೆ ಅಷ್ಟು ಬೇಕಿಲ್ಲ, ಅವರು ಹತ್ತಿರವೇ ಇರಲಿ. ನಾಲ್ವರೂ ಗಂಡಸರಾದರೆ ಗುಂಪಿನ ಅತಿ ಮೇಲಿನ ದನಿಯವರಿಗೆ ನಡುದನಿ ಕೊಟ್ಟು, ಹಾಡನ್ನು ಅವರ ಕೆಳಗೆ ಇಡಬಹುದು. ಹಾಡು ಎಲ್ಲಕ್ಕಿಂತ ಮೇಲೇ ಇರಬೇಕು ಅಂತೇನಿಲ್ಲ.

ಶಾಸ್ತ್ರೀಯ ಕಲಿತವರು ಇಷ್ಟೊತ್ತಿಗೆ ಹುಬ್ಬು ಗಂಟಿಕ್ಕಿರಬೇಕು. ಹಾಡಿನಲ್ಲಿ ಇರುವುದು ಸ ರಿ ಗ ಪ ದ ಮಾತ್ರ, ಮೋಹನದ ಸ್ವರಗಳು. ನಾನು ಬೇಸ್‌ಗೆ ಮ, ನಡುದನಿಗೆ ನಿ ಕೊಟ್ಟು ರಾಗ ಕೆಡಿಸಿದ್ದೇನೆ. ಹೌದು. ನಮ್ಮದು ಸಿನಿಮಾ ಹಾಡಿನ ಜಾಡು, ನಡೆಯುತ್ತದೆ. ರಾಗ ಉಳಿಯಲೇಬೇಕು ಅನ್ನುವವರು ಮೂರನೇ ಸುತ್ತಿನಲ್ಲಿ ಬೇಸ್‌ಗೆ ರಿ, ನಾಲ್ಕನೆಯದರಲ್ಲಿ ನಡುದನಿಗೂ ರಿ ಕೊಡಿ. ಬಣ್ಣ ಸ್ವಲ್ಪ ಕಡಿಮೆಯಾಗುತ್ತದೆ, ರಾಗ ಉಳಿಯುತ್ತದೆ.

ಬೇಸ್ ಮತ್ತು ಬಾಯಿತಾಳ ಒಂದೇ ಕೈಯ ಎರಡು ಬೆರಳು

ಬೇಸ್‌ನವನು "ಆ" ಅಂತ ಉದ್ದಕ್ಕೆ ಎಳೆದರೆ ಭಜನೆಯಲ್ಲಿ ಹಿಂದೆ ಕೂತ ದೊಡ್ಡಪ್ಪನ ಥರ ಕೇಳುತ್ತದೆ. ತಂತಿ ಮೀಟಿದ ಹಾಗೆ ಬರಬೇಕು. ಅದಕ್ಕೆ "ದುಂ" ಒಳ್ಳೆಯ ಅಕ್ಷರ. ದು ತುಂಬ ಚಿಕ್ಕದು, ಕೂಡಲೇ ತುಟಿ ಮುಚ್ಚಿ ಮ್ ಮೇಲೆ ಸ್ವರ ಹಿಡಿಯುವುದು. ತುಟಿ ಮುಚ್ಚಿದಾಗ ಗಾಳಿ ಕಡಿಮೆ ಖರ್ಚು, ಇನ್ನೂ ಒಂದು ಸುತ್ತು ಹೆಚ್ಚು ಎಳೆಯಬಹುದು. ಸ್ವರ ಎದೆಯಲ್ಲಿ ಗುಂಯ್ ಅನ್ನಬೇಕು. ಅವನ ಎದೆ ಮೇಲೆ ಕೈಯಿಟ್ಟರೆ ಗೊತ್ತಾಗುತ್ತದೆ.

ಬಾಯಿತಾಳಕ್ಕೆ ಡ್ರಮ್ ಸೆಟ್ಟಿನ ಮೂರು ಸದ್ದು ಸಾಕು. ಕಿಕ್ ಡ್ರಮ್‌ಗೆ "ಬ್", ತುಟಿ ಬಿಗಿದು ಸಿಡಿಸುವುದು. ಹೈ-ಹ್ಯಾಟ್‌ಗೆ "ಟ್ಸ್". ಸ್ನೇರ್‌ಗೆ "ಕ್". ಮುಖ್ಯ ಗುಟ್ಟು, ಮೂರರಲ್ಲೂ ಗಂಟಲು ಸುಮ್ನಿರಬೇಕು. "ಬ" ಅಂತ ದನಿ ಸೇರಿಸಿದ ಕ್ಷಣ ಅದಕ್ಕೊಂದು ಸ್ವರ ಬಂದುಬಿಡುತ್ತದೆ, ಆ ಸ್ವರ ಖಂಡಿತ ಬೇಸ್‌ಗೆ ಹೊಂದುವುದಿಲ್ಲ. ಪರೀಕ್ಷೆ ಸುಲಭ: ಕುತ್ತಿಗೆ ಮೇಲೆ ಎರಡು ಬೆರಳಿಟ್ಟು ತಾಳ ಹಾಕಿ, ಗಂಟಲು ನಡುಗಿದರೆ ತಪ್ಪು. ಇದೇ ಕಾರಣಕ್ಕೆ ನಮ್ಮ ಕೊನ್ನಕೋಲನ್ನು ಹಾಡಿನ ಅಡಿಯಲ್ಲಿ ಹಾಗೇ ತಂದು ಹಾಕಲು ಆಗುವುದಿಲ್ಲ. ತಕಧಿಮಿ ತಕಜುಣು ದನಿಯಿಂದ ಹುಟ್ಟುವಂಥದ್ದು, ಹಾಡಿನ ಮಾತನ್ನೂ ನುಂಗುತ್ತದೆ. ಎರಡು ಪಲ್ಲವಿಯ ನಡುವೆ ಹಾಡು ನಿಂತಾಗ ನಾಲ್ಕು ಸುತ್ತು ಹಾಕಿ, ಅಲ್ಲಿ ಅದರ ಮಜವೇ ಬೇರೆ.

ಉಸಿರಿನ ಪ್ರಶ್ನೆ ಎಲ್ಲರೂ ಕೇಳುತ್ತಾರೆ. "ಕ್" ಅನ್ನು ಹೊರಗೆ ಉಗುಳುವ ಬದಲು ಕೆನ್ನೆಯ ಪಕ್ಕದಿಂದ ಒಳಗೆ ಎಳೆದು ಮಾಡಬಹುದು, ಕುದುರೆ ಓಡಿಸುವವರು ಬಾಯಲ್ಲಿ ಸದ್ದು ಮಾಡುತ್ತಾರಲ್ಲ, ಹೆಚ್ಚುಕಡಿಮೆ ಆ ಜಾಗದಿಂದ. ಸ್ನೇರ್ ಬಂದಾಗಲೆಲ್ಲ ಒಂದು ಗುಟುಕು ಗಾಳಿ ಒಳಗೆ ಹೋಗುತ್ತದೆ, ತಾಳ ನಿಲ್ಲಿಸದೆ ಉಸಿರಾಡಿದ ಹಾಗೆ. ನನಗೆ ಇದು ಕೂರಲು ಮೂರು ವಾರ ಹಿಡಿಯಿತು, ಮನೆಯವರಿಗೆ ತಲೆನೋವು ಬಂತು.

ಈಗ ಎರಡನ್ನೂ ಒಂದರ ಕೆಳಗೊಂದು ಬರೆಯಿರಿ. & ಅಂದರೆ ಎರಡು ಎಣಿಕೆಗಳ ನಡುವಿನ ಅರ್ಧ.

```
ಎಣಿಕೆ  1   &   2   &   3   &   4   &
ತಾಳ   ಬ್  ಟ್ಸ್  ಕ್  ಟ್ಸ್  ಬ್  ಬ್  ಕ್  ಟ್ಸ್
ಬೇಸ್   ದುಂ —   —   —   ದುಂ ದುಂ —  (ಉಸಿರು)
```

"ಬ್" ಇರುವ ಮೂರು ಜಾಗದಲ್ಲೇ "ದುಂ" ಇದೆ. ಬೇಕೆಂದೇ ಹಾಗಿಟ್ಟದ್ದು. ನನ್ನ ತುಟಿಯ ಸಿಡಿತಕ್ಕೆ ಸ್ವರ ಇಲ್ಲ, ಅವನ ಸ್ವರಕ್ಕೆ ಸಿಡಿತ ಇಲ್ಲ, ಎರಡೂ ಒಂದೇ ಕ್ಷಣಕ್ಕೆ ಬಿದ್ದರೆ ಕೇಳುವವರಿಗೆ ಒಂದೇ ದೊಡ್ಡ ವಾದ್ಯ ಕೇಳುತ್ತದೆ. ಒಂದು ಕೂದಲು ಹಿಂದೆಮುಂದೆ ಆದರೂ ಇಬ್ಬರೂ ಬಡಕಲಾಗಿ ಕೇಳುತ್ತೇವೆ. ಹಾಗಾಗಿ ಹಾಡು ಕಲಿಯುವ ಮೊದಲು ನಾವಿಬ್ಬರೇ ಎದುರುಬದುರು ಕೂತು ಇದನ್ನಷ್ಟೇ ಹತ್ತು ನಿಮಿಷ ಮಾಡುತ್ತೇವೆ. ಬೇಸ್‌ನವನು ಕೊನೆಯ ಅರ್ಧ ಎಣಿಕೆ ಖಾಲಿ ಬಿಟ್ಟಿರುವುದನ್ನೂ ನೋಡಿ. ಉಸಿರಿನ ಜಾಗ ಬರೆದುಕೊಡದಿದ್ದರೆ ಅವನು ಬೇಕಾದಲ್ಲಿ ತೆಗೆದುಕೊಳ್ಳುತ್ತಾನೆ, ಅದು ಯಾವಾಗಲೂ ಒಂದನೇ ಎಣಿಕೆಯ ಮೇಲೇ ಬರುತ್ತದೆ.

ನಡುದನಿ ಮೊದಲ ಸಲ "ಊ" ಅಂತ ಮೆಲ್ಲಗೆ ಎಳೆಯಲಿ. "ಆ" ಬೇಡ, ಅದು ಬಾಯಿ ತೆರೆದ ಸದ್ದು, ಹಾಡಿನ ಮಾತಿನ ಮೇಲೆ ಬಂದು ಕೂರುತ್ತದೆ. ಎರಡನೇ ಸಲ ಬರುವಾಗ ಅದೇ ಸ್ವರಗಳನ್ನು "ಡಾ" ಅಂತ ಚಿಕ್ಕದಾಗಿ ಕತ್ತರಿಸಿ & ಇರುವ ಜಾಗಗಳಲ್ಲಿ ಹಾಕಿದರೆ ಗಿಟಾರ್ ಸೇರಿಕೊಂಡ ಹಾಗಾಗುತ್ತದೆ. ಸ್ವರ ಒಂದೂ ಬದಲಾಗಿಲ್ಲ, ಹಾಡು ಮಾತ್ರ ಎದ್ದು ಓಡುತ್ತದೆ.

ಸೇರಿಸುವಾಗ

ಮೊದಲು ಬೇಸ್ ಮತ್ತು ನಡುದನಿ ಮಾತ್ರ ಹಾಡಲಿ, ಹಾಡೂ ಬೇಡ ತಾಳವೂ ಬೇಡ. ಇಬ್ಬರನ್ನೇ ಕೇಳಿದರೂ ಕಾರ್ಡ್ ಬದಲಾದದ್ದು ಗೊತ್ತಾಗಬೇಕು. ಆಗದಿದ್ದರೆ ಕಾಗದಕ್ಕೆ ವಾಪಸ್. ಇಲ್ಲಿ ಒಂದು ಸಣ್ಣ ವಿಷಯ ತುಂಬ ಕೆಲಸಕ್ಕೆ ಬರುತ್ತದೆ. ಕೀಬೋರ್ಡಿನ ಗ ನಿಜವಾದ ಗ-ಗಿಂತ ಒಂದು ಎಳೆ ಮೇಲಿದೆ, ಸುಮಾರು 14 ಸೆಂಟ್, ಅಂದರೆ ಪಕ್ಕಪಕ್ಕದ ಎರಡು ಮನೆಗಳ ಅಂತರದ ಏಳನೇ ಒಂದು ಪಾಲು. ತಂಬೂರಿಯ ಸ ತಂತಿಯಲ್ಲಿ ತಾನಾಗಿ ಕೇಳುವ ಗಾಂಧಾರ ಇದೆಯಲ್ಲ, ಅದು ಈ ಕೆಳಗಿನ ಗ. ನಮ್ಮ ನಡುದನಿಯವಳು ಕೀಬೋರ್ಡ್ ಆ್ಯಪ್‌ನಿಂದ ಕಲಿತು ಬಂದಿದ್ದಳು, ಕಾರ್ಡ್ ಯಾಕೋ ಚುಚ್ಚುತ್ತಿತ್ತು. ಆ್ಯಪ್ ಮುಚ್ಚಿಸಿ, ಬೇಸ್‌ನವನಿಗೆ ಸ ಹಿಡಿಯಲು ಹೇಳಿ, ಅವಳಿಗೆ ಗ-ವನ್ನು ಮೆಲ್ಲಗೆ ಇಳಿಸು ಅಂದೆವು. ಒಂದು ಜಾಗದಲ್ಲಿ ಅಲುಗಾಟ ನಿಂತು ಎರಡೂ ದನಿ ಅಂಟಿಕೊಂಡವು. ಅಲ್ಲಿಯೇ ನಿಲ್ಲು ಅಂದೆವು.

ಅವಳು ಕರ್ನಾಟಕ ಸಂಗೀತ ಕಲಿತವಳು, ಉದ್ದದ ಸ್ವರ ಸಿಕ್ಕಿದರೆ ಗಮಕ ತಾನಾಗಿ ಬರುತ್ತದೆ. ಹಾಡುವವಳಿಗೆ ಅದು ಚೆಂದ. ನಡುದನಿಗೆ ಬೇಡವೇ ಬೇಡ, ಗ ಅಲುಗಿದರೆ ಇಡೀ ಕಾರ್ಡ್ ಅಲುಗುತ್ತದೆ.

ಪೂರ್ತಿ ಹಾಡಿದ ಮೇಲೆ ಕೊನೆಯ ಸ್ವರವನ್ನು ಟ್ಯೂನರ್‌ನಲ್ಲಿ ನೋಡಿ. ಹೆಚ್ಚಿನ ಗುಂಪುಗಳು ಕೆಳಗೆ ಜಾರಿರುತ್ತವೆ. ಯಾರು ಜಾರಿಸಿದ್ದು ಅಂತ ಹುಡುಕುವುದಕ್ಕಿಂತ ಎಲ್ಲಿ ಜಾರಿದ್ದು ಅಂತ ಹುಡುಕಿ, ಪ್ರತಿ ಸುತ್ತಿನ ಕೊನೆಗೆ ನಿಲ್ಲಿಸಿ ನೋಡಿದರೆ ಸಿಗುತ್ತದೆ. ನಮ್ಮದು ಎರಡನೇ ಸುತ್ತಿನಲ್ಲಿತ್ತು. ನಡುದನಿ ಒಂದೇ ಗ-ವನ್ನು ಎಂಟು ಎಣಿಕೆ ಹಿಡಿಯುವಾಗ ಉಸಿರು ಕಡಿಮೆಯಾಗಿ ಇಳಿಯುತ್ತಿತ್ತು, ಉಳಿದವರು ಅವಳ ಹಿಂದೆ ಇಳಿಯುತ್ತಿದ್ದರು. ಎರಡನೇ ಸುತ್ತಿಗೆ ಮುಂಚೆ ಅವಳಿಗೂ ಒಂದು ಉಸಿರು ಬರೆದುಕೊಟ್ಟೆವು, ಹೋಯಿತು.

ರೆಕಾರ್ಡ್ ಮಾಡಿ ಕೇಳುವಾಗ ಇಯರ್‌ಫೋನ್ ಹಾಕಿ. ಫೋನಿನ ಪುಟ್ಟ ಸ್ಪೀಕರ್ G2 ಥರದ ಕೆಳಗಿನ ಸ್ವರವನ್ನು ಸರಿಯಾಗಿ ಹೊರಹಾಕುವುದೇ ಇಲ್ಲ, ಬೇಸ್ ಕೇಳಲ್ಲ ಅಂತ ಸುಮ್ನೆ ಅವನ ಮೇಲೆ ಕೂಗಾಡುತ್ತೀರಿ. ವೇದಿಕೆ ಮೇಲೆ ಎರಡೇ ಮೈಕ್ ಸಿಕ್ಕರೆ ಒಂದು ಬೇಸ್‌ಗೆ, ಇನ್ನೊಂದು ಹಾಡುಗಾರ್ತಿ ಮತ್ತು ಬಾಯಿತಾಳದವರ ನಡುವೆ. ಬೇಸ್‌ನವನು ತುಟಿ ತಾಗುವಷ್ಟು ಹತ್ತಿರ ಹಾಡಲಿ, ಸಾಮಾನ್ಯ ವೇದಿಕೆ ಮೈಕ್‌ಗಳು ಹತ್ತಿರ ಬಂದಷ್ಟೂ ಕೆಳಗಿನ ಸ್ವರವನ್ನು ದಪ್ಪ ಮಾಡುತ್ತವೆ.

ಯಾರು ಯಾವಾಗ ಬರಬೇಕು

ನಾಲ್ವರೂ ಮೊದಲಿಂದ ಕೊನೆವರೆಗೆ ಹಾಡಿದರೆ ಒಂದು ನಿಮಿಷಕ್ಕೇ ಸಾಕಪ್ಪ ಅನಿಸುತ್ತದೆ. ನಾವು ಹಾಡನ್ನು ಒಂಟಿ ದನಿಯಲ್ಲಿ ಶುರು ಮಾಡಿ, ಎರಡನೇ ಸಲಕ್ಕೆ ನಡುದನಿಯ "ಊ" ಸೇರಿಸಿ, ಮೂರನೇ ಸಲಕ್ಕೆ ಬೇಸ್ ಮತ್ತು ತಾಳ ಒಟ್ಟಿಗೇ ಬೀಳುವ ಹಾಗೆ ಇಟ್ಟೆವು. ಬೇಸ್ ಮೊದಲ "ದುಂ" ಹೊಡೆದಾಗ ಕೂತವರು ತಿರುಗಿ ನೋಡುತ್ತಾರೆ. ಮಧ್ಯೆ ಒಮ್ಮೆ ಬೇಸ್ ನಾಲ್ಕು ಸುತ್ತು ಸುಮ್ಮನಿದ್ದು ವಾಪಸ್ ಬಂದರೆ ಮತ್ತೆ ಅದೇ ಮಜಾ.

ಕೊನೆಯ ಸಲ "ಕೂರು ಬಾರೋ" ಮುಗಿಯುವಾಗ ನಾನು ತಾಳ ನಿಲ್ಲಿಸುತ್ತೇನೆ. ಹಾಡು ರಿ-ಯಿಂದ ಗ-ಗೆ ಒಂದು ಮೆಟ್ಟಿಲು ಹತ್ತುತ್ತದೆ, ನಡುದನಿ ನಿ-ಯಿಂದ ಸ-ಗೆ, ಬೇಸ್ ಪ-ದಿಂದ ತನ್ನ ಸ-ಗೆ. ಅಷ್ಟು ಹೊತ್ತೂ ಬರೀ ಸದ್ದು ಮಾಡುತ್ತಿದ್ದ ನಾನು, ಬೇಸ್ ಬಿಟ್ಟ ಅದೇ ಪ-ವನ್ನು ಒಂದು ಸ್ಥಾಯಿ ಮೇಲೆ ಹಿಡಿಯುತ್ತೇನೆ. ಬೇಸ್‌ಗೂ ನಡುದನಿಗೂ ಮಧ್ಯೆ ಇಡೀ ಹಾಡು ಖಾಲಿ ಬಿಟ್ಟಿದ್ದ ಜಾಗ ಇದೆಯಲ್ಲ, ಅದು ಅಲ್ಲಿ ತುಂಬುತ್ತದೆ. ನಾಲ್ಕು ಎಣಿಕೆ ಹಿಡಿದು ಬೇಸ್‌ನವನ ತಲೆ ಅಲುಗಿದಾಗ ಎಲ್ಲರೂ ಒಟ್ಟಿಗೆ ಬಾಯಿ ಮುಚ್ಚುತ್ತೇವೆ.